ಬೆನ್ನಿಗೆ ತಿರುಗಿದ ನೀಲಿ ಚೀಟಿ: ಮೂರನೇ ತರಗತಿಯಲ್ಲಿ ಜಲಚಕ್ರ ಆಡಿಸಿದ್ದು

ಜಲಚಕ್ರದ ಪಾಠಕ್ಕೆ ನಾಟಕ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವ ಚಿತ್ರ ಒಂದೇ. ಹಳದಿ ರಟ್ಟಿನ ಸೂರ್ಯ, ಹತ್ತಿ ಅಂಟಿಸಿಕೊಂಡ ಮೋಡ, ನೀಲಿ ಸೀರೆಯ ನದಿ. ಒಬ್ಬೊಬ್ಬರಾಗಿ ಮುಂದೆ ಬಂದು "ನಾನು ಸೂರ್ಯ, ನಾನು ನೀರನ್ನು ಕಾಯಿಸುತ್ತೇನೆ" ಎಂದು ಬಾಯಿಪಾಠ ಒಪ್ಪಿಸಿ ಹೋಗುತ್ತಾರೆ. ಶಾಲಾ ವಾರ್ಷಿಕೋತ್ಸವಕ್ಕೆ ಅದು ಸಾಕು. ಆದರೆ ಮೋಡದ ಪಾತ್ರ ಮಾಡಿದ ಮಗುವನ್ನು ಮಾರನೇ ದಿನ "ಮೋಡದಲ್ಲಿ ಏನಿರುತ್ತದೆ?" ಎಂದು ಕೇಳಿ ನೋಡಿ. "ಹತ್ತಿ" ಎಂದು ಹೇಳದಿದ್ದರೆ ಪುಣ್ಯ, "ಹೊಗೆ" ಎನ್ನುವುದಂತೂ ಖಂಡಿತ.

ನಾನು ಸಂಭಾಷಣೆ ಬರೆಯುವುದಿಲ್ಲ. ವೇಷವನ್ನೂ ಕಟ್ಟಿಸುವುದಿಲ್ಲ. ಮಕ್ಕಳಿಗೆ ಕೊಡುವುದು ನಿಯಮಗಳನ್ನು ಮಾತ್ರ. ಹನಿಯಾದವರು ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬಹುದು, ಹೇಗೆ ನಡೆಯಬೇಕು ಎಂಬ ನಿಯಮಗಳು. ಆ ನಿಯಮಗಳೇ ಪಾಠ. ಅವನ್ನು ಹೇಗೆ ಕಟ್ಟಿದೆ, ಯಾವುದು ಯಾಕೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶರಾವತಿ ಹಿನ್ನೀರಿಗೆ ದೂರವಲ್ಲದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಲಿ-ಕಲಿ ಆದ್ದರಿಂದ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಮೂರನೆಯವರು ಹನ್ನೊಂದು ಮಂದಿ, ಉಳಿದ ಎರಡು ತರಗತಿ ಸೇರಿ ಹದಿನಾಲ್ಕು. ಇದು ತೊಂದರೆ ಅಂತ ಅನ್ನಿಸಬಹುದು, ಈ ಪಾಠಕ್ಕೆ ಮಾತ್ರ ಅನುಕೂಲವೇ ಆಯಿತು. ಹನಿಗಳೆಲ್ಲ ಮೂರನೆಯವರು. ಸೂರ್ಯ, ಗಾಳಿ, ಧೂಳು, ಅಣೆಕಟ್ಟು ಚಿಕ್ಕವರು.

ಆಟಕ್ಕೆ ಮೊದಲು ಎರಡು ಸಣ್ಣ ಕೆಲಸ ಮಾಡಿಸಿದೆ. ಒಂದು, ಸ್ಲೇಟಿನ ಮೇಲೆ ನೀರಲ್ಲಿ ಬೆರಳದ್ದಿ ಹೆಸರು ಬರೆಯುವುದು. ಅರ್ಧ ಸ್ಲೇಟು ಬಿಸಿಲಿಗೆ, ಅರ್ಧ ಜಗಲಿಯ ನೆರಳಿಗೆ. ಬಿಸಿಲಲ್ಲಿಟ್ಟ ಹೆಸರು ಬೇಗ ಮಾಯ, ನೆರಳಿನದೂ ನಿಧಾನಕ್ಕೆ ಮಾಯ. "ನೀರು ಎಲ್ಲಿ ಹೋಯ್ತು?" ಎಂದರೆ ಬಂದ ಉತ್ತರ, "ಸೂರ್ಯ ಕುಡ್ದ ಮೇಷ್ಟ್ರೇ." ಹಾಗಾದರೆ ನೆರಳಲ್ಲಿದ್ದದ್ದನ್ನು ಯಾರು ಕುಡಿದರು ಎಂದಾಗ ಗದ್ದಲ ನಿಂತಿತು. ಸೂರ್ಯ ನೀರನ್ನು ಕುಡಿಯುತ್ತಾನೆ, ಹಗ್ಗ ಹಾಕಿ ಎಳೆಯುತ್ತಾನೆ ಎಂಬ ಕಲ್ಪನೆ ಮಕ್ಕಳಲ್ಲಿ ಬಹಳ ಗಟ್ಟಿ. ನಾಟಕದಲ್ಲಿ ಸೂರ್ಯನ ಪಾತ್ರದವನು ಹನಿಗಳ ಕೈ ಹಿಡಿದು ಮೇಲಕ್ಕೆ ಕರೆದೊಯ್ದರೆ ಅದೇ ಕಲ್ಪನೆಗೆ ನಾವೇ ಮೊಳೆ ಹೊಡೆದಂತೆ. ಹಾಗಾಗಿ ನನ್ನ ಮೊದಲ ನಿಯಮ: ಸೂರ್ಯ ಮುಟ್ಟಬಹುದು, ಎಳೆಯುವ ಹಾಗಿಲ್ಲ.

ಎರಡನೆಯದು ಬಿಸಿಯೂಟದ ಅಡುಗೆಮನೆಯಲ್ಲಿ. ನಮ್ಮ ಅಡುಗೆಯಕ್ಕ ಒಂದು ಸಣ್ಣ ಪಾತ್ರೆಯಲ್ಲಿ ನೀರಿಗೆ ಚೆನ್ನಾಗಿ ಉಪ್ಪು ಹಾಕಿ, ಕುದಿ ಉಕ್ಕದ ಹಾಗೆ ಸಣ್ಣ ಉರಿಯಲ್ಲಿಟ್ಟು, ತಣ್ಣಗಿನ ಸ್ಟೀಲ್ ತಟ್ಟೆ ಮುಚ್ಚಿಕೊಟ್ಟರು. ಜೋರಾಗಿ ಕುದ್ದರೆ ಉಪ್ಪುನೀರೇ ಸಿಡಿದು ತಟ್ಟೆಗೆ ತಾಗುತ್ತದೆ, ಆಗ ಪ್ರಯೋಗ ಕೆಡುತ್ತದೆ. ಮಕ್ಕಳು ಬಾಗಿಲ ಹೊರಗೇ. ತಟ್ಟೆ ತೆಗೆದು ಆರಿಸಿ, ಅಡಿಯಲ್ಲಿ ಕೂತಿದ್ದ ಹನಿಯನ್ನು ಬೆರಳಿನಿಂದ ನೆಕ್ಕಿ ನೋಡಿದರು. ಸಪ್ಪೆ. ಪಾತ್ರೆಯ ನೀರು ಆರಿದ ಮೇಲೆ ಒಂದು ಚಮಚ ತಂದು ಅದನ್ನೂ ನೆಕ್ಕಿಸಿದೆ. ಮುಖ ಕಿವುಚಿಕೊಂಡರು. ಉಪ್ಪು ಕೆಳಗೇ ಉಳಿಯಿತು, ನೀರು ಮಾತ್ರ ಮೇಲೆ ಹೋಯಿತು. ಇದನ್ನು ಆಟದಲ್ಲಿ ಹೇಗೆ ತಂದೆವು ಎಂಬುದು ಮುಂದೆ ಬರುತ್ತದೆ.

ಜಾಗ ಗುರುತು ಮಾಡಿಕೊಂಡದ್ದು ಹೀಗೆ. ಶಾಲೆಯ ಅಂಗಳ ಪಶ್ಚಿಮಕ್ಕೆ ಗೇಟು, ಪೂರ್ವಕ್ಕೆ ಕಟ್ಟಡ. ಗೇಟಿನ ಹತ್ತಿರ ರಂಗೋಲಿ ಪುಡಿಯಲ್ಲಿ ಅಗಲವಾದ ಗೆರೆ ಎಳೆದು ಅದರಾಚೆ ಅರಬ್ಬೀ ಸಮುದ್ರ. ಜಗಲಿಗೆ ಹತ್ತುವ ಮೆಟ್ಟಿಲು ಪಶ್ಚಿಮ ಘಟ್ಟ. ಜಗಲಿಯೇ ನಮ್ಮ ಮಲೆನಾಡು. ಕಟ್ಟಡದ ಹಿಂದಿನ ಹಿತ್ತಲು ಬಯಲುಸೀಮೆ. ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರು ಇದೆಯಲ್ಲ, ಅದು ಶರಾವತಿ. ಇಳಿಜಾರಿನ ಕೆಳಗಿನಿಂದ ಅಂಗಳದಲ್ಲಿ ಅಂಕುಡೊಂಕಾಗಿ ಎರಡು ಗೆರೆ ಎಳೆದು ಮತ್ತೆ ಸಮುದ್ರಕ್ಕೆ ಮುಟ್ಟಿಸಿದೆ. ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ ಆದದ್ದರಿಂದ ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೂ ತಪ್ಪಿತು.

ಶರಾವತಿಯನ್ನೇ ಆರಿಸಿಕೊಳ್ಳಲು ಕಾರಣ ಊರ ಅಭಿಮಾನ ಮಾತ್ರವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿಲೋಮೀಟರ್ ಹರಿದು, ಹೊನ್ನಾವರದಲ್ಲಿ ಸಮುದ್ರ ಸೇರುವ ನದಿ ಅದು. ಮೋಡ ಬರುವ ಸಮುದ್ರ, ಮಳೆ ಸುರಿಯುವ ಬೆಟ್ಟ, ನೀರು ಹಿಂದಿರುಗುವ ಸಮುದ್ರ ಎಲ್ಲ ಎರಡು ಜಿಲ್ಲೆಯೊಳಗೇ. ಕಾವೇರಿಯನ್ನೋ ಕೃಷ್ಣೆಯನ್ನೋ ತೆಗೆದುಕೊಂಡರೆ ಮೋಡ ಬಂದ ಸಮುದ್ರ ಒಂದು, ನದಿ ಸೇರುವ ಸಮುದ್ರ ಇನ್ನೊಂದು. ಎಂಟು ವರ್ಷದ ಮಗುವಿಗೆ ಮೊದಲ ಸಲಕ್ಕೆ ಅದು ಜಾಸ್ತಿ ಆಗುತ್ತದೆ. ಬಯಲುಸೀಮೆಯ ಶಿಕ್ಷಕರು ತಮ್ಮೂರ ಕೆರೆಯಿಂದ ಶುರು ಮಾಡಿದರೂ ನಡೆಯುತ್ತದೆ, ಆಗ ಕೆರೆಯಿಂದ ಆವಿಯಾಗುವುದಕ್ಕೆ ಹೆಚ್ಚು ತೂಕ ಕೊಡಬೇಕಾಗುತ್ತದೆ.

ಇನ್ನು ಈ ಪಾಠದ ನಿಜವಾದ ಗಂಟಿಗೆ ಬರುತ್ತೇನೆ. ಆವಿ ಕಣ್ಣಿಗೆ ಕಾಣುವುದಿಲ್ಲ. ಆದರೆ ನಾಟಕ ಅನ್ನುವುದೇ ಕಾಣುವಂಥದ್ದು. ಕಾಣದ್ದನ್ನು ಮಗು ಆಡಿ ತೋರಿಸುವುದು ಹೇಗೆ?

ಹಂಡೆಯ ಮೇಲೆ ಏಳುವ ಬಿಳಿ ಹಬೆಯನ್ನೇ ನಾವು ಆವಿ ಅಂತ ಕರೆದುಬಿಡುತ್ತೇವೆ. ಅದು ಆಗಲೇ ತಣಿದು ಸಣ್ಣ ಸಣ್ಣ ಹನಿಯಾದ ನೀರು. ಮೋಡವೂ ಅಷ್ಟೇ. ಮೋಡ ಅಂದರೆ ಆವಿ ಎಂದು ಕಲಿಸಿದರೆ ಮುಂದೆ ಹೈಸ್ಕೂಲಿನವರೆಗೂ ಆ ತಪ್ಪು ಮಗುವಿನ ಜೊತೆ ನಡೆಯುತ್ತದೆ. ಹಾಗಾಗಿ ನೀರಿನ ಮೂರು ಅವಸ್ಥೆ ಎಂಬ ಮಾತನ್ನು ನಾನು ಬಾಯಲ್ಲಿ ಎತ್ತಲೇ ಇಲ್ಲ. ಒಂದು ಚೀಟಿಯ ಮೇಲೆ ಎಲ್ಲ ಹೇರಿದೆ.

ಪ್ರತಿ ಹನಿಯ ಕೊರಳಲ್ಲೂ ದಾರ ಕಟ್ಟಿದ ಒಂದು ನೀಲಿ ರಟ್ಟು. ರಟ್ಟು ಎದೆಯ ಮೇಲಿದ್ದರೆ ನೀವು ಕಾಣುವ ನೀರು. ಆವಿಯಾದ ತಕ್ಷಣ ರಟ್ಟನ್ನು ಬೆನ್ನಿಗೆ ತಿರುಗಿಸಿಕೊಳ್ಳಬೇಕು. ಆಗ ನೀವು ಯಾರಿಗೂ ಕಾಣುವುದಿಲ್ಲ. ಮಾತಾಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ, ಒಬ್ಬರಿಂದ ಒಬ್ಬರು ಎರಡು ಕೈ ದೂರ ಚದುರಿ ನಡೆಯಬೇಕು. ಉಳಿದವರು ನಿಮ್ಮ ಕಡೆ ನೋಡಲೂ ಬಾರದು, ಎದುರಿಗೆ ಬಂದರೂ ಏನೂ ಇಲ್ಲ ಎಂಬಂತೆ ಇರಬೇಕು. ಮತ್ತೆ ತಣಿದು ಹನಿಯಾದಾಗ ರಟ್ಟು ಎದೆಗೆ ಬರುತ್ತದೆ.

ಮಕ್ಕಳಿಗೆ ಇದು ಇಷ್ಟವಾಗಿಬಿಟ್ಟಿತು. ಯಾರಿಗೂ ಕಾಣದವರಾಗುವುದು ಅಂದರೆ ಯಾರಿಗೆ ಬೇಡ! ಮುಖ್ಯವಾಗಿ, ಬದಲಾದದ್ದು ರಟ್ಟಿನ ದಿಕ್ಕು ಮತ್ತು ನಡುವಿನ ಅಂತರ ಅಷ್ಟೇ, ಮಗು ಅದೇ ಮಗು. ನೀರು ನಾಶವಾಗಲಿಲ್ಲ, ಬೇರೆ ಯಾವುದೋ ವಸ್ತು ಆಗಲಿಲ್ಲ, ಚದುರಿ ಕಾಣದಾಯಿತು ಎಂಬುದು ವಿವರಿಸದೇ ಬಂತು.

ಸಮುದ್ರದ ನಿಯಮಕ್ಕೆ ಚೌಕಾಬಾರದ ಕವಡೆ ತಂದೆ. ಸೂರ್ಯ ಗೆರೆಯುದ್ದಕ್ಕೂ ನಡೆಯುತ್ತಾ ದಡದ ಬಳಿ ನಿಂತ ಹನಿಗಳ ಭುಜ ಮುಟ್ಟುತ್ತಾನೆ. ಮುಟ್ಟಿಸಿಕೊಂಡವರು ಎರಡು ಕವಡೆ ಎಸೆಯಬೇಕು. ಎರಡೂ ಬಾಯಿ ಮೇಲಾಗಿ ಬಿದ್ದರೆ ಮಾತ್ರ ಹೊರಡಬಹುದು. ಇಲ್ಲವಾದರೆ ಸೂರ್ಯ ಮತ್ತೆ ಬರುವವರೆಗೆ ಅಲ್ಲೇ ತೂಗಾಡುತ್ತಿರಬೇಕು. ಯಾಕೆ ಈ ಅದೃಷ್ಟದಾಟ ಅಂದರೆ, ನಿಜಕ್ಕೂ ಹಾಗೆಯೇ. ಬಿಸಿಲು ಬಿದ್ದ ಕೂಡಲೇ ಸಮುದ್ರ ಪೂರ್ತಿ ಎದ್ದು ಹೋಗುವುದಿಲ್ಲ. ಮೇಲ್ಮೈಯಲ್ಲಿದ್ದವುಗಳಲ್ಲಿ ಸಾಕಷ್ಟು ಚುರುಕಾದವು ಮಾತ್ರ ಹಾರುತ್ತವೆ. ಕುದಿಯದೆಯೂ ನೀರು ಆರುವುದು ಅದಕ್ಕೇ.

ಹೊರಡುವ ಮುನ್ನ ಇನ್ನೊಂದು ಕೆಲಸ ಇದೆ. ಸಮುದ್ರದಲ್ಲಿರುವ ಪ್ರತಿ ಹನಿಯ ಕೈಯಲ್ಲೂ ಒಂದು ಸೀಮೆಸುಣ್ಣದ ತುಂಡು, ಅದೇ ಉಪ್ಪು. ಗೆರೆ ದಾಟುವಾಗ ಅದನ್ನು ಗೆರೆಯ ಮೇಲೇ ಇಟ್ಟು ಹೋಗಬೇಕು. ಅಡುಗೆಮನೆಯ ತಟ್ಟೆಯ ನೆನಪು ಇನ್ನೂ ನಾಲಿಗೆಯಲ್ಲೇ ಇತ್ತು, ಯಾರೂ ಯಾಕೆ ಅಂತ ಕೇಳಲಿಲ್ಲ. ಒಬ್ಬ ಹುಡುಗನ ಅಜ್ಜನ ಮನೆ ಗೋಕರ್ಣದ ಕಡೆ. ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿದ್ದ. "ಅಲ್ಲಿ ನೀರು ಕಟ್ಟಿ ಬಿಡ್ತಾರೆ, ನೀರು ಹೋಗ್ತದೆ, ಉಪ್ಪು ಉಳೀತದೆ" ಎಂದ. ನಾನು ಹೇಳಬೇಕಿದ್ದದ್ದನ್ನು ಅವನೇ ಹೇಳಿದ. ಆಟ ಸಾಗಿದಂತೆ ಗೆರೆಯ ಮೇಲೆ ಸೀಮೆಸುಣ್ಣದ ತುಂಡುಗಳು ಸಾಲಾಗಿ ಕೂತವು. ನದಿಯಾಗಿ ಮರಳಿದವರು ತಮ್ಮ ಉಪ್ಪು ಎತ್ತಿಕೊಂಡು ಮತ್ತೆ ಸಮುದ್ರವಾದರು.

ಗೆರೆ ದಾಟಿದ ಹನಿಗಳು ರಟ್ಟು ಬೆನ್ನಿಗೆ ಹಾಕಿಕೊಂಡು ಚದುರಿ ನಿಂತರು. ಎರಡನೇ ತರಗತಿಯ ಮೂವರು ಗಾಳಿ. ಅವರು "ಸುಯ್" ಎನ್ನುತ್ತಾ ಹಿಂದಿನಿಂದ ಬಂದಾಗ ಆವಿ ಪೂರ್ವಕ್ಕೆ ಹೆಜ್ಜೆ ಹಾಕಬೇಕು. ಮುಂಗಾರಿನ ಗಾಳಿ ಸಮುದ್ರದ ಕಡೆಯಿಂದಲೇ ಬೀಸುವುದು ಇಲ್ಲಿನ ಮಕ್ಕಳಿಗೆ ಗೊತ್ತೇ ಇದೆ, ಮನೆಯ ಪಶ್ಚಿಮದ ಗೋಡೆಗೆ ಜಡಿಮಳೆಗೆ ಮೊದಲೇ ಅಡಿಕೆ ಸೋಗೆಯ ತಟ್ಟಿ ಕಟ್ಟುವುದನ್ನು ನೋಡಿರುತ್ತಾರೆ.

ಮೆಟ್ಟಿಲ ಬಳಿ ಎರಡನೇ ಗಂಟು ಬಿಚ್ಚಬೇಕಿತ್ತು. ಆವಿ ಮೋಡವಾಗುವುದು ಯಾಕೆ? "ಮೇಲೆ ಹೋಗಿ ಮೋಡ ಆಗುತ್ತದೆ" ಎಂದು ಪುಸ್ತಕದ ಚಿತ್ರದಲ್ಲಿ ಬಾಣ ಹಾಕಿರುತ್ತಾರೆ, ಅಷ್ಟೇ. ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದಾಗ ಆವಿ ಹನಿಯಾಗುತ್ತದೆ. ಇಷ್ಟನ್ನು ಮೆಟ್ಟಿಲಲ್ಲಿ ಕೂಡಿಸಿದೆ. ಒಂದೊಂದು ಮೆಟ್ಟಿಲಿಗೂ ಹೆಚ್ಚು ಹೆಚ್ಚು ಚಳಿ, ಕೊನೆಯ ಮೆಟ್ಟಿಲಲ್ಲಿ ಗಡಗಡ ನಡುಗಬೇಕು. ಆದರೆ ಚಳಿಯೊಂದೇ ಸಾಲದು. ಹನಿ ಕಟ್ಟಲು ಕೂರಲೊಂದು ಜಾಗ ಬೇಕು, ಅಂದರೆ ಗಾಳಿಯಲ್ಲಿ ತೇಲುವ ಧೂಳಿನ ಕಣ. ಒಂದನೇ ತರಗತಿಯ ನಾಲ್ಕು ಪುಟಾಣಿಗಳು ಕಂದು ಕಾಗದ ಹಿಡಿದು ಮೇಲಿನ ಮೆಟ್ಟಿಲ ಬಳಿ ಧೂಳಾಗಿ ಕೂತಿದ್ದರು. ನಡುಗುತ್ತಾ ಬಂದ ಆವಿ ಒಂದು ಧೂಳಿನ ಹೆಗಲು ಹಿಡಿದ ಮೇಲೆಯೇ ರಟ್ಟನ್ನು ಎದೆಗೆ ತಿರುಗಿಸಬಹುದು. ಅಲೆಯ ತುಂತುರಿನಿಂದ ಹಾರಿಬಂದ ಉಪ್ಪಿನ ಸಣ್ಣ ಕಣಗಳೂ ಇದೇ ಕೆಲಸ ಮಾಡುತ್ತವೆ, ಅದನ್ನು ಮೂರನೇ ತರಗತಿಯಲ್ಲಿ ಹೇಳಲು ಹೋಗಲಿಲ್ಲ. ಈಗಷ್ಟೇ ಉಪ್ಪು ಕೆಳಗೇ ಉಳಿಯಿತು ಎಂದಿದ್ದೇನೆ, ಗೊಂದಲ ಯಾಕೆ.

ಧೂಳಿನ ಸುತ್ತ ಹನಿಗಳು ಗುಂಪಾದಾಗ ಆಟ ನಿಲ್ಲಿಸಿ ಕೇಳಿದೆ, "ಈಗ ನೀವು ಏನು?" "ಮೋಡ." "ನಿಮ್ಮನ್ನು ಈಗ ಕಾಣಬಹುದಾ?" "ಕಾಣಬಹುದು, ರಟ್ಟು ಮುಂದೆ ಇದೆ." "ಹಾಗಾದರೆ ನೀವು ಆವಿಯೋ, ನೀರೋ?" ಒಂದು ಕ್ಷಣ ಸುಮ್ಮನಿದ್ದು, "ನೀರು" ಎಂದರು, ಸ್ವಲ್ಪ ಅನುಮಾನದಲ್ಲೇ. ಆಗ ನೆನಪಿಸಿದ್ದು ಬೆಳಗಿನ ಮಂಜನ್ನು. ನಾನು ಈ ಪಾಠವನ್ನು ಮಳೆಗಾಲ ಮುಗಿದ ಮೇಲೆ, ಬೆಳಿಗ್ಗೆ ದಟ್ಟ ಮಂಜು ಕವಿಯುವ ದಿನಗಳಿಗೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಶಾಲೆಗೆ ನಡೆದು ಬರುವಾಗ ತಲೆಗೂದಲ ಮೇಲೆ, ಹುಬ್ಬಿನ ಮೇಲೆ, ಸ್ವೆಟರಿನ ನೂಲಿನ ಮೇಲೆ ಸಣ್ಣ ಹನಿ ಕೂತಿರುತ್ತದಲ್ಲ, ನೆಲಕ್ಕೆ ಇಳಿದ ಮೋಡದೊಳಗೆ ನಡೆದು ಬಂದಿದ್ದೀರಿ ಎಂದೆ. ಒಬ್ಬಳು ತನ್ನ ಜಡೆ ಮುಟ್ಟಿ ನೋಡಿಕೊಂಡಳು. ಇದು ಮಲೆನಾಡಿನ ಮಕ್ಕಳಿಗೆ ಪುಕ್ಕಟೆ ಸಿಗುವ ಪ್ರಯೋಗಶಾಲೆ.

ಮೋಡ ಯಾಕೆ ಬೀಳುವುದಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೋಡದ ಹನಿ ತೀರಾ ಸಣ್ಣದು, ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಕೆಳಗಿಂದ ಏರುವ ಗಾಳಿಯೇ ಅದನ್ನು ಎತ್ತಿ ಹಿಡಿಯಲು ಸಾಕು. ಅಂಥ ಹನಿಗಳು ಹೆಚ್ಚುಕಮ್ಮಿ ಹತ್ತು ಲಕ್ಷ ಸೇರಿದರೆ ಒಂದು ಮಳೆಹನಿ. ನಮ್ಮಲ್ಲಿ ಇದ್ದದ್ದು ಹನ್ನೊಂದು ಜನ, ಹಾಗಾಗಿ ಲೆಕ್ಕ ಇಳಿಸಿ, ಮೂವರು ಕೈ ಕೈ ಹಿಡಿದರೆ ಭಾರ ಆಯಿತು ಎಂಬ ನಿಯಮ ಮಾಡಿದೆ. ಮೂರನೆಯವರು ಬಂದು ಹಿಡಿಯುವವರೆಗೆ ಗಾಳಿ ಇಬ್ಬರನ್ನೂ ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡಿಸುತ್ತಿತ್ತು. ಮೂವರಾದ ಕೂಡಲೇ "ಮಳೆ!" ಎಂದು ಕುಳಿತುಬಿಡಬೇಕು.

ಮೊದಲ ಸುತ್ತಿನಲ್ಲಿ ಹೊರಟ ಏಳು ಮಂದಿಯಲ್ಲಿ ಆರು ಮಂದಿ ಜಗಲಿಯಲ್ಲೇ ಸುರಿದರು. ಒಬ್ಬ ಮಾತ್ರ ಜೊತೆ ಸಿಗದೆ ಗಾಳಿಯೊಂದಿಗೆ ಹಿತ್ತಲಿಗೆ ಹೋದ. ಅಲ್ಲಿ ಅವನಿಗಾಗಿ ಯಾರೂ ಇರಲಿಲ್ಲ. ಬಹಳ ಹೊತ್ತು ನಿಂತು, "ಮೇಷ್ಟ್ರೇ, ಇಲ್ಲಿ ಮಳೆ ಆಗೂದೇ ಇಲ್ಲ" ಎಂದು ಕೂಗಿದ. ನಾನು ಅಲ್ಲಿ ಹೇಳಿದ್ದು ಎರಡೇ ವಾಕ್ಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯ ಕಡೆ ಐನೂರರ ಆಸುಪಾಸು. ಅಂಕಿ ಅವರಿಗೆ ಅರ್ಥವಾಗದು, ಹಾಗಾಗಿ ಆಗುಂಬೆಗೆ ನನ್ನ ತಲೆಗಿಂತ ಎಷ್ಟೋ ಮೇಲೆ ಗೋಡೆಯ ಎತ್ತರ ತೋರಿಸಿದೆ, ಚಳ್ಳಕೆರೆಗೆ ಅವರ ಮೊಣಕಾಲಿಗಿಂತ ಸ್ವಲ್ಪ ಮೇಲೆ ಕೈ ಇಟ್ಟೆ.

ಮಳೆಯಾದ ಮೇಲೆ ಎಲ್ಲರೂ ನದಿಗೆ ಓಡಬಾರದು. ಬಹುಪಾಲು ಚಿತ್ರಗಳು ಮಳೆಯಿಂದ ನದಿ, ನದಿಯಿಂದ ಸಮುದ್ರ ಎಂದು ಒಂದೇ ಬಳೆಯ ಹಾಗೆ ಸುತ್ತಿಸಿಬಿಡುತ್ತವೆ. ನೀರು ಹಾಗೆ ಸಾಲಿನಲ್ಲಿ ಹೋಗುವುದಿಲ್ಲ. ಜಗಲಿಯಲ್ಲಿ ಒಂದು ಡಬ್ಬಿಯಲ್ಲಿ ಮಡಚಿದ ಚೀಟಿ ಇಟ್ಟಿದ್ದೆ. ನದಿ ಎಂದು ಬಂದರೆ ಇಳಿಜಾರಿಗೆ. ಮರ ಎಂದು ಬಂದರೆ ಕಂಬ ತಬ್ಬಿ ಹತ್ತು ಎಣಿಸಿ, ಎಲೆಯಿಂದ ಆವಿಯಾಗಿ ರಟ್ಟು ಬೆನ್ನಿಗೆ ಹಾಕಿ ಮತ್ತೆ ಮೋಡಕ್ಕೆ. ಮಣ್ಣು ಎಂದು ಬಂದರೆ ಜಗಲಿಯ ಗೋಡೆಯಂಚಿಗೆ ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು, ಗಾಳಿ ಹತ್ತು ಸಲ "ಸುಯ್" ಎಂದಾಗ ಒಂದು ಹೆಜ್ಜೆ. ಗೋಡೆಯ ತುದಿಯಲ್ಲಿ ಒರತೆ, ಅಲ್ಲಿಂದ ಹೊರಬಂದು ನದಿ.

ಮಣ್ಣಿಗೆ ಹೋದವಳು ಒಬ್ಬ ಚುರುಕು ಹುಡುಗಿ. ಉಳಿದವರು ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ಹೊರಟರೂ ಅವಳು ಗೋಡೆಯ ಅರ್ಧಕ್ಕೂ ಬಂದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ನಂಗೆ ಯಾಕೆ ಇಷ್ಟು ನಿಧಾನ?" ಎಂದಳು. ನಿಯಮ ಬದಲಿಸಿ ಅವಳನ್ನು ಬಿಡಿಸೋಣ ಎಂದು ಮನಸ್ಸಾದದ್ದು ನಿಜ, ಬಿಡಿಸಲಿಲ್ಲ. ಎಲ್ಲರನ್ನೂ ನಿಲ್ಲಿಸಿ ಕೇಳಿದೆ, "ಮಳೆಗಾಲ ಮುಗಿದು ತಿಂಗಳಾಯಿತು. ನಿಮ್ಮ ಮನೆಯ ಹಿಂದೆ ಗುಡ್ಡದಿಂದ ದಬ್ಬೆಯಲ್ಲಿ ಅಬ್ಬಿ ನೀರು ಈಗಲೂ ಬರ್ತಾ ಇದೆಯಾ?" ಬರುತ್ತಿದೆ. "ಮಳೆ ಇಲ್ಲ, ಮತ್ತೆ ಆ ನೀರು ಯಾರು?" ಎಲ್ಲರೂ ಅವಳ ಕಡೆ ತಿರುಗಿದರು. ಬೇಸಿಗೆಯವರೆಗೂ ಮನೆಗೆ ನೀರು ಕೊಡುವವಳು ನೀನು, ಅವಸರ ಮಾಡಿದರೆ ಬಾವಿ ಬತ್ತುತ್ತದೆ ಎಂದು ಪಕ್ಕದವನೇ ಅವಳಿಗೆ ಹೇಳಿದ. ಅವಳು ಕಣ್ಣೊರೆಸಿಕೊಂಡು ಇನ್ನೂ ನಿಧಾನ ನಡೆಯತೊಡಗಿದಳು, ನಿಯಮಕ್ಕಿಂತ ನಿಧಾನ.

ಇದಕ್ಕೆ ತದ್ವಿರುದ್ಧ ದೂರು ಸಮುದ್ರದಿಂದ ಬಂತು. ಒಬ್ಬನ ಕವಡೆ ಒಮ್ಮೆಯೂ ಬೀಳಲಿಲ್ಲ. "ನಾನು ಎಂತ ಮಾಡ್ಲಿಲ್ಲ, ಬರೀ ಸಮುದ್ರದಲ್ಲೇ ನಿಂತಿದ್ದೆ" ಎಂದು ಮುಖ ಊದಿಸಿಕೊಂಡ. ನಿಜವಾದ ಲೆಕ್ಕದಲ್ಲಿ ಭೂಮಿಯ ನೀರಿನ ನೂರರಲ್ಲಿ 97 ಪಾಲು ಸಮುದ್ರದಲ್ಲೇ ಇದೆ. ಆಕಾಶಕ್ಕೆ ಹಾರಿದ ನೀರು ಸರಾಸರಿ ಒಂಬತ್ತು ಹತ್ತು ದಿನದಲ್ಲಿ ಕೆಳಗೆ ಬರುತ್ತದೆ, ಸಮುದ್ರದಲ್ಲಿರುವುದು ಸಾವಿರಾರು ವರ್ಷ ಅಲ್ಲೇ ಇರುತ್ತದೆ. ನಮ್ಮ ಆಟದಲ್ಲಿ ಕವಡೆ ಎಷ್ಟೋ ಉದಾರವಾಗಿ ಬಿಡುತ್ತಿತ್ತು. ಇದನ್ನು ಹೇಳಿದ ಮೇಲೆ ಅವನಿಗೆ ಪೂರ್ತಿ ಸಮಾಧಾನವಾಯಿತು ಎನ್ನಲಾರೆ. ಮುಂದಿನ ಸುತ್ತಿಗೆ ಅವನನ್ನು ಮಣ್ಣಿನ ಹುಡುಗಿಯ ಹಿಂದೆ ನಿಲ್ಲಿಸಿದೆ, ಅದೂ ಅವನಿಗೆ ಹಿಡಿಸಲಿಲ್ಲ.

ನದಿಯ ದಾರಿಯಲ್ಲಿ ಅಣೆಕಟ್ಟು ಇಡುವ ಯೋಚನೆ ನನಗಿರಲಿಲ್ಲ, ಮಕ್ಕಳೇ ಕೇಳಿದರು. ಹಿನ್ನೀರಿನ ಪಕ್ಕ ಬೆಳೆದವರಿಗೆ ಲಿಂಗನಮಕ್ಕಿ ಇಲ್ಲದ ಶರಾವತಿ ಯಾವ ಶರಾವತಿ! ಇಬ್ಬರು ಚಿಕ್ಕವರು ಇಳಿಜಾರಿನ ಮೇಲ್ತುದಿಯಲ್ಲಿ ಹಗ್ಗ ಹಿಡಿದು ನಿಂತರು. ಹನಿಗಳು ಬಂದು ಅಲ್ಲಿ ಕಿಕ್ಕಿರಿದವು, ಹಗ್ಗ ಎತ್ತಿದಾಗ ಇಬ್ಬಿಬ್ಬರಾಗಿ ಇಳಿದವು. ಇಳಿಜಾರಿನ ಬುಡದಲ್ಲಿ ನನ್ನ ಹಳೇ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ್ದೆ. ಹನಿ ಹಾದುಹೋಗುವಾಗ ಚಕ್ರವನ್ನು ಕೈಯಿಂದ ತಳ್ಳಿ ಮುಂದೆ ಹೋಗಬೇಕು. ಚಕ್ರ ತಿರುಗಿದರೆ ಕರೆಂಟು. ಬೆರಳು ಕಡ್ಡಿಗಳ ನಡುವೆ ಸಿಕ್ಕಬಾರದೆಂದು ಟೈರಿನ ಮೇಲೆ ಮಾತ್ರ ಕೈ ಇಡುವುದನ್ನು ಮೊದಲೇ ಅಭ್ಯಾಸ ಮಾಡಿಸಿದ್ದೆ, ನಾನೂ ಅಲ್ಲೇ ನಿಂತಿದ್ದೆ.

ಇಲ್ಲೊಂದು ಒಳ್ಳೆಯ ಪ್ರಶ್ನೆ ಹುಟ್ಟಿತು. ಕರೆಂಟು ತೆಗೆದ ಮೇಲೆ ನೀರಲ್ಲಿ ಶಕ್ತಿ ಇರುವುದಿಲ್ಲ, ಆ ನೀರು ಗದ್ದೆಗೆ ಆಗುವುದಿಲ್ಲ ಎಂದು ಒಬ್ಬಳ ದೊಡ್ಡಪ್ಪ ಹೇಳಿದ್ದರಂತೆ. ದೊಡ್ಡವರಲ್ಲೂ ಇರುವ ಮಾತು ಇದು. ನಾನು ಉತ್ತರಿಸದೆ, ಚಕ್ರ ತಳ್ಳಿ ಹೋಗಿದ್ದ ಒಬ್ಬನನ್ನು ಕರೆದು, "ನಿನ್ನ ಹತ್ತಿರ ಇದ್ದ ಏನಾದರೂ ಕಮ್ಮಿ ಆಯ್ತಾ? ರಟ್ಟು ಇದೆಯಾ?" ಎಂದೆ. ಇದೆ. "ಮತ್ತೆ ಎಂತ ಹೋಯ್ತು?" ಯೋಚಿಸಿ ಹೇಳಿದ, "ಮೇಲೆ ಇದ್ದೆ, ಈಗ ಕೆಳಗೆ ಇದ್ದೇನೆ." ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಎತ್ತರದಿಂದ ಬೀಳುವ ಬಲವನ್ನು ಯಂತ್ರ ತೆಗೆದುಕೊಂಡಿತು, ನೀರು ನೀರಾಗಿಯೇ ಗೇರುಸೊಪ್ಪೆಯ ಕಡೆ ಹೋಯಿತು.

ಆಡುವಾಗ ಪ್ರತಿ ಹನಿಯ ಜೇಬಿನಲ್ಲೂ ಉದ್ದನೆಯ ಕಾಗದದ ಪಟ್ಟಿ ಇತ್ತು. ಒಂದೊಂದು ತಾಣದಲ್ಲೂ ದಾರ ಕಟ್ಟಿದ ಪೆನ್ಸಿಲು. ಹೋದ ಕಡೆಯೆಲ್ಲ ಒಂದು ಗುರುತು ಹಾಕಬೇಕು. ಸಮುದ್ರಕ್ಕೆ ಅಲೆ, ಮೋಡಕ್ಕೆ ಮೋಡ, ಮಣ್ಣಿಗೆ ಚುಕ್ಕಿ, ಮರಕ್ಕೆ ಎಲೆ, ನದಿಗೆ ಅಂಕುಡೊಂಕು ಗೆರೆ. ಆವಿಗೆ? ಅದಕ್ಕೆ ಖಾಲಿ ಚೌಕ. ಗುರುತಿಗೆ ಬದಲು ಬೀಜ ಆಯಿಸುವ ಯೋಚನೆಯೂ ಬಂದಿತ್ತು, ಆದರೆ ಜೇಬಿಗೆ ಹಾಕಿದರೆ ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ಉಳಿಯುವುದಿಲ್ಲ. ಬೀಜವನ್ನೇ ಬಳಸುವವರು ಗುಲಗಂಜಿ ಮಾತ್ರ ಕೊಡಬೇಡಿ, ಅದು ವಿಷ.

ಮಾರನೇ ದಿನ ತಮ್ಮ ತಮ್ಮ ಪಟ್ಟಿ ನೋಡಿಕೊಂಡು ಕಥೆ ಹೇಳಿಸಿದೆ. ಹನ್ನೊಂದು ಪಟ್ಟಿಯಲ್ಲಿ ಯಾವ ಎರಡೂ ಒಂದೇ ಥರ ಇರಲಿಲ್ಲ. ನಾನು ಹುಡುಕುತ್ತಿದ್ದದ್ದು ಖಾಲಿ ಚೌಕವನ್ನು. ಅಲೆಯಿಂದ ಮೋಡಕ್ಕೆ ಹೋಗುವಾಗ ನಡುವೆ ಖಾಲಿ ಚೌಕ ಇದ್ದರೆ ಆವಿ ಬೇರೆ, ಮೋಡ ಬೇರೆ ಎಂಬುದು ಆ ಮಗುವಿಗೆ ದಕ್ಕಿದೆ ಎಂದು ಲೆಕ್ಕ. ಎಂಟು ಪಟ್ಟಿಯಲ್ಲಿ ಇತ್ತು. ಮೂವರು ಅಲೆಯ ಪಕ್ಕದಲ್ಲೇ ಮೋಡ ಬರೆದಿದ್ದರು. ಅವರಲ್ಲಿ ಒಬ್ಬನನ್ನು ಕೇಳಿದರೆ, "ಏನೂ ಕಾಣ್ಲಿಲ್ಲ, ಅದಕ್ಕೆ ಬರೀಲಿಲ್ಲ" ಎಂದ. ಅವನಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಪಟ್ಟಿಯಿಂದ ಹೇಳಲಾಗದು, ಅವನ ಉತ್ತರದಿಂದ ಹೇಳಬಹುದು. ಉಳಿದ ಇಬ್ಬರಿಗೆ ಮತ್ತೆ ಒದ್ದೆ ಸ್ಲೇಟು ಕೊಟ್ಟು, ಹೆಸರು ಆರುವವರೆಗೆ ಪಕ್ಕ ಕೂತು, ಈಗ ನೀರು ಎಲ್ಲಿದೆ ಎಂದು ಕೈಯಲ್ಲಿ ತೋರಿಸಲು ಹೇಳಿದೆ. ಒಬ್ಬಳು ಸ್ಲೇಟಿನ ಮೇಲಿನ ಖಾಲಿ ಗಾಳಿಯಲ್ಲಿ ಕೈಯಾಡಿಸಿದಳು. ಇನ್ನೊಬ್ಬ ಈಗಲೂ ಸೂರ್ಯನ ಕಡೆ ಬೆರಳು ತೋರಿಸುತ್ತಾನೆ. ಅವನಿಗೆ ಮುಂದಿನ ಸಲ ಸೂರ್ಯನ ಪಾತ್ರವನ್ನೇ ಕೊಡಬೇಕೆಂದಿದ್ದೇನೆ, ಮುಟ್ಟಿದ ಹನಿಗಳೆಲ್ಲ ತನ್ನ ಹತ್ತಿರ ಬರದೆ ಘಟ್ಟದ ಕಡೆ ಹೋಗುವುದನ್ನು ಅಲ್ಲಿಂದಲೇ ನೋಡಲಿ.